ಏಳೂವರೆ ಸಾವಿರ ಉಳಿಯುತ್ತೆ ಅಂದಾಗ: ಕಾರಿನ ಇನ್ಶೂರೆನ್ಸ್ ಕೋಟ್ ಬಿಡಿಸಿ ನೋಡಿದ ಕತೆ

ಹೊಳಲ್ಕೆರೆಯಲ್ಲಿರುವ ನಮ್ಮ ಚಿಕ್ಕಪ್ಪ ಆಗಸ್ಟ್ 2025ರಲ್ಲಿ ಒಂದು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಎರಡು ಫೋಟೋ ಕಳಿಸಿದರು. ಒಂದು, ಅವರ ಕಾರಿನ ಹಳೇ ಇನ್ಶೂರೆನ್ಸ್ ಕಂಪನಿಯ ರಿನ್ಯೂವಲ್ ನೋಟಿಸ್, 14,789 ರೂಪಾಯಿ. ಇನ್ನೊಂದು, ಚಿತ್ರದುರ್ಗದ ಏಜೆಂಟ್ ಒಬ್ಬರು ಬೇರೆ ಕಂಪನಿಯಿಂದ ತೆಗೆಸಿಕೊಟ್ಟ ಕೋಟ್, 7,271 ರೂಪಾಯಿ. ಹಿಂದೆಯೇ ಫೋನು ಬಂತು.

"ಏಳೂವರೆ ಸಾವಿರ ಉಳಿತೈತೆ ಕಣಪ್ಪಾ. ಅದೇ ಕಾರು, ಅದೇ ಇನ್ಶೂರೆನ್ಸು. ಇಷ್ಟು ದಿನ ಸುಮ್ನೆ ದುಡ್ಡು ಕಟ್ಟಿದ್ನಾ? ನೀನು ಇಂಜಿನಿಯರಿಂಗ್ ಓದಿದೋನಲ್ವಾ, ಒಂಚೂರು ನೋಡಿ ಹೇಳು."

ಇಂಜಿನಿಯರಿಂಗ್‌ಗೂ ಇದಕ್ಕೂ ಸಂಬಂಧ ಇಲ್ಲ. ಬೇಕಾಗಿದ್ದು ಶೇಕಡಾವಾರು ಲೆಕ್ಕ, ಒಂದು ಕ್ಯಾಲ್ಕುಲೇಟರ್, ಅರ್ಧ ಗಂಟೆ ಸಮಯ. ಆ ಅರ್ಧ ಗಂಟೆಯ ಕೊನೆಗೆ ಗೊತ್ತಾಗಿದ್ದಿಷ್ಟು: ಏಳೂವರೆ ಸಾವಿರದಲ್ಲಿ ನಿಜವಾದ ಉಳಿತಾಯ 904 ರೂಪಾಯಿ ಮಾತ್ರ. ಉಳಿದದ್ದು ಚಿಕ್ಕಪ್ಪನಿಗೆ ಗೊತ್ತಿಲ್ಲದಂತೆ ಕಳೆದುಹಾಕಿದ ರಕ್ಷಣೆ. ಅದರಲ್ಲೂ ಒಂದು ಸಾಲು ಇಡೀ ಪಾಲಿಸಿಯನ್ನೇ ನೆಲಕ್ಕೆ ಕೆಡವುವಂಥದ್ದು.

ಆ ಲೆಕ್ಕವನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕೋಟ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೇದು.

ಮೊದಲು ಕಾಗದವನ್ನು ಎರಡು ಭಾಗ ಮಾಡಿ

ಯಾವ ಕಂಪನಿಯ ಕೋಟ್ ಆದರೂ ಅದರಲ್ಲಿ ಎರಡು ಕಾಲಂ ಇರುತ್ತವೆ. ಒಂದು ಥರ್ಡ್ ಪಾರ್ಟಿ. ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿ ನಷ್ಟಕ್ಕೆ. ಇದು ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ, ಇದರ ದರವನ್ನು ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416, ಅದಕ್ಕಿಂತ ಮೇಲೆ 7,897. ಚಿಕ್ಕಪ್ಪನ ಕಾರು 1197 ಸಿಸಿ, ಹಾಗಾಗಿ 3,416. ಎರಡೂ ಕೋಟ್‌ನಲ್ಲಿ ಇದೇ ಸಂಖ್ಯೆ ಇತ್ತು. ಯಾವ ಕಂಪನಿಯೂ ಇದರಲ್ಲಿ ರಿಯಾಯಿತಿ ಕೊಡುವಂತಿಲ್ಲ. "ಥರ್ಡ್ ಪಾರ್ಟಿಲೂ ಡಿಸ್ಕೌಂಟ್ ಹಾಕಿದೀನಿ ಸಾರ್" ಅಂತ ಯಾರಾದರೂ ಅಂದರೆ ಅಲ್ಲಿಗೇ ಮಾತು ನಿಲ್ಲಿಸಬಹುದು.

ಇದರ ಜೊತೆಗೆ ಮಾಲೀಕ-ಚಾಲಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಎರಡೂ ಕಂಪನಿ 350 ರೂಪಾಯಿ ಹಾಕಿದ್ದವು. ಅಲ್ಲಿಗೆ 3,766. ಇದನ್ನು ಬದಿಗಿಡಿ.

ಆಟ ಇರುವುದು ಇನ್ನೊಂದು ಕಾಲಂನಲ್ಲಿ. ಅದು ಓನ್ ಡ್ಯಾಮೇಜ್, ಅಂದರೆ ನಿಮ್ಮದೇ ಕಾರಿಗೆ ಆಗುವ ಹಾನಿ, ಕಳವು. ಇದರ ದರಪಟ್ಟಿಯನ್ನು 2007ರ ಜನವರಿಯಿಂದ ಮುಕ್ತಗೊಳಿಸಲಾಗಿದೆ, ಕಂಪನಿ ತನಗೆ ಬೇಕಾದಷ್ಟು ರಿಯಾಯಿತಿ ಕೊಡಬಹುದು. ಐಡಿವಿ, ನೋ ಕ್ಲೇಮ್ ಬೋನಸ್, ಆಡ್-ಆನ್ ಎಲ್ಲ ಬರುವುದು ಇಲ್ಲೇ. ಎರಡು ಕೋಟ್‌ನ ಈ ಕಾಲಂ ಹೀಗಿತ್ತು:

ಹಳೇ ಕಂಪನಿ: ಐಡಿವಿ 4,80,000. ರಿಯಾಯಿತಿ ಕಳೆದು ಓನ್ ಡ್ಯಾಮೇಜ್ 6,127. ನೋ ಕ್ಲೇಮ್ ಬೋನಸ್ ಸೊನ್ನೆ. ಜೀರೋ ಡೆಪ್ 1,920, ಇಂಜಿನ್ ಪ್ರೊಟೆಕ್ಷನ್ 720. ಒಟ್ಟು 8,767.

ಹೊಸ ಕೋಟ್: ಐಡಿವಿ 3,90,000. ರಿಯಾಯಿತಿ ಕಳೆದು ಓನ್ ಡ್ಯಾಮೇಜ್ 4,356. ನೋ ಕ್ಲೇಮ್ ಬೋನಸ್ ಶೇ. 45, ಅಂದರೆ 1,960 ಕಡಿತ. ಆಡ್-ಆನ್ ಇಲ್ಲ. ಒಟ್ಟು 2,396.

ಎರಡಕ್ಕೂ 3,766 ಕೂಡಿಸಿ, ಮೇಲೆ ಶೇ. 18 ಜಿಎಸ್‌ಟಿ ಹಾಕಿದರೆ 14,789 ಮತ್ತು 7,271 ಬರುತ್ತದೆ. ಕೂಡಿಕೆಯಲ್ಲಿ ತಪ್ಪಿಲ್ಲ. ಪ್ರಶ್ನೆ ಇರುವುದು ಕೂಡಿಸಿದ ಸಂಖ್ಯೆಗಳು ಎಲ್ಲಿಂದ ಬಂದವು ಅನ್ನೋದರಲ್ಲಿ.

ಐಡಿವಿ: ಕಾರು ಹೋದರೆ ಕೈಗೆ ಬರುವ ದುಡ್ಡು

ಐಡಿವಿ ಅಂದರೆ ಪಾಲಿಸಿಯಲ್ಲಿ ಘೋಷಿಸಿದ ಕಾರಿನ ಮೌಲ್ಯ. ಕಾರು ಕಳವಾದರೆ, ಇಲ್ಲವೇ ರಿಪೇರಿ ಆಗದಷ್ಟು ನಜ್ಜುಗುಜ್ಜಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಇದು. ಇದನ್ನು ನೀವು ಕಾರು ಕೊಂಡಾಗ ಕೊಟ್ಟ ದುಡ್ಡಿನಿಂದ ಲೆಕ್ಕ ಹಾಕುವುದಿಲ್ಲ. ಅದೇ ಮಾಡೆಲ್, ಅದೇ ವೇರಿಯಂಟ್‌ಗೆ ಪಾಲಿಸಿ ಶುರುವಾಗುವ ಹೊತ್ತಿನಲ್ಲಿ ಇರುವ ಎಕ್ಸ್ ಶೋರೂಂ ಬೆಲೆ ತೆಗೆದುಕೊಂಡು, ಕಾರಿನ ವಯಸ್ಸಿಗೆ ತಕ್ಕ ಸವಕಳಿ ಕಳೆಯುತ್ತಾರೆ. ರಸ್ತೆ ತೆರಿಗೆ, ರಿಜಿಸ್ಟ್ರೇಶನ್ ಖರ್ಚು ಇದರಲ್ಲಿ ಸೇರುವುದಿಲ್ಲ.

ಸವಕಳಿಯ ಪಟ್ಟಿ ಸರಳ. ಆರು ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ವರ್ಷ ದಾಟಿದ ಕಾರಿಗೆ ಪಟ್ಟಿ ಇಲ್ಲ, ನೀವೂ ಕಂಪನಿಯೂ ಒಪ್ಪಿಕೊಂಡ ಮೌಲ್ಯವೇ ಐಡಿವಿ.

ಚಿಕ್ಕಪ್ಪನ ಕಾರು ರಿಜಿಸ್ಟರ್ ಆಗಿದ್ದು 2021ರ ಆಗಸ್ಟ್ ಕೊನೆಗೆ. ಇನ್ಶೂರೆನ್ಸ್ ಇಲ್ಲದೆ ರಿಜಿಸ್ಟ್ರೇಶನ್ ಆಗದ ಕಾರಣ ಪಾಲಿಸಿ ಅದಕ್ಕೂ ವಾರ ಮೊದಲೇ ಶುರುವಾಗಿತ್ತು. ಹಾಗಾಗಿ ಈ ರಿನ್ಯೂವಲ್ ದಿನಕ್ಕೆ ಕಾರಿಗೆ ನಾಲ್ಕು ವರ್ಷ ತುಂಬಿರಲಿಲ್ಲ, ಸವಕಳಿ ಶೇ. 40. ಆ ವೇರಿಯಂಟ್‌ನ ಎಕ್ಸ್ ಶೋರೂಂ ಬೆಲೆ 8 ಲಕ್ಷ. ಅದರಲ್ಲಿ ಶೇ. 60 ಅಂದರೆ 4,80,000. ಹಳೇ ಕಂಪನಿಯ ಸಂಖ್ಯೆ ಸರಿಯಾಗಿ ಕೂತಿತು. ಹೊಸ ಕೋಟ್‌ನ 3,90,000 ಯಾವ ಸಾಲಿಗೂ ಕೂರಲಿಲ್ಲ. ಲೆಕ್ಕದ ಮೌಲ್ಯಕ್ಕಿಂತ ಸುಮಾರು ಶೇ. 19 ಕಡಿಮೆ. ಕಂಪನಿಗಳು ಐಡಿವಿಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡಲು ಬಿಡುತ್ತವೆ. ಆದರೆ ಅದನ್ನು ಯಾರು ಆರಿಸಿದರು? ಚಿಕ್ಕಪ್ಪ ಅಲ್ಲ.

ಈ 90,000ದ ಇಳಿಕೆಯಿಂದ ಪ್ರೀಮಿಯಂ ಎಷ್ಟು ಕಡಿಮೆಯಾಯಿತು ಅಂತ ಲೆಕ್ಕ ಹಾಕಿದೆ. ಹೊಸ ಕಂಪನಿಯದೇ ದರದಲ್ಲಿ, ಜಿಎಸ್‌ಟಿ ಸೇರಿ 1,186 ರೂಪಾಯಿ. ಅಂದರೆ ಸಾವಿರದ ಚಿಲ್ಲರೆ ಉಳಿಸಲು, ಕಾರು ಕಳವಾದ ದಿನ 90 ಸಾವಿರ ಬಿಟ್ಟುಕೊಡಬೇಕು.

ಇನ್ನೊಂದು ಪರಿಣಾಮ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಕಾರನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. 4.8 ಲಕ್ಷಕ್ಕೆ ಆ ಗೆರೆ 3,60,000. 3.9 ಲಕ್ಷಕ್ಕೆ 2,92,500. ಹೈವೇಯಲ್ಲಿ ಹಿರಿಯೂರಿನ ಹತ್ತಿರ ಒಂದು ಡಿಕ್ಕಿಯಾಗಿ 3.2 ಲಕ್ಷದ ಎಸ್ಟಿಮೇಟ್ ಬಂತು ಅಂದುಕೊಳ್ಳಿ. ಮೊದಲ ಪಾಲಿಸಿಯಲ್ಲಿ ಕಾರು ರಿಪೇರಿಯಾಗಿ ಮನೆಗೆ ಬರುತ್ತದೆ. ಎರಡನೆಯದರಲ್ಲಿ ಕಾರು ಹೋಯಿತು, ಕೈಗೆ ಬರುವುದು 3.9 ಲಕ್ಷ. ಅದರಲ್ಲೂ ಕಡ್ಡಾಯ ಕಡಿತ 1,000 ಹೋಗುತ್ತದೆ.

ಹಾಗಂತ ಐಡಿವಿ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೇದು ಅಂತಲೂ ಅಲ್ಲ. ಲೆಕ್ಕದ ಮೌಲ್ಯಕ್ಕಿಂತ ಬಹಳ ಏರಿಸಿದರೆ ಪ್ರೀಮಿಯಂ ಹೆಚ್ಚು ಕಟ್ಟುತ್ತೀರಿ. ಬಂಪರ್ ಬದಲಾಯಿಸುವಂಥ ಸಣ್ಣ ರಿಪೇರಿಗೆ ಅದರಿಂದ ಒಂದು ರೂಪಾಯಿಯೂ ಜಾಸ್ತಿ ಬರುವುದಿಲ್ಲ. ಪಟ್ಟಿಯ ಸಂಖ್ಯೆಗೆ ಹತ್ತಿರ ಇದ್ದರೆ ಸಾಕು.

ದರ: ಒಂದೇ ಒಂದು ಭಾಗಾಕಾರ

ಎರಡು ಕಂಪನಿಗಳಲ್ಲಿ ನಿಜಕ್ಕೂ ಯಾರದು ಅಗ್ಗ? ಇದಕ್ಕೆ ಓನ್ ಡ್ಯಾಮೇಜ್ ಮೊತ್ತವನ್ನು, ಬೋನಸ್ ಕಳೆಯುವ ಮೊದಲು, ಐಡಿವಿಯಿಂದ ಭಾಗಿಸಿ. 6,127ನ್ನು 4,80,000ದಿಂದ ಭಾಗಿಸಿದರೆ ಶೇ. 1.28. 4,356ನ್ನು 3,90,000ದಿಂದ ಭಾಗಿಸಿದರೆ ಶೇ. 1.12. ಹೊಸ ಕಂಪನಿ ನಿಜವಾಗಿಯೂ ಸ್ವಲ್ಪ ಅಗ್ಗವೇ. ಏಜೆಂಟ್ ಹೇಳಿದ್ದರಲ್ಲಿ ಸತ್ಯ ಇದ್ದದ್ದು ಈ ಒಂದು ಕಡೆ.

ಈ ದರ ಬಂದಿದ್ದು ಹಳೇ ದರಪಟ್ಟಿಯಿಂದಲೇ. ಪಟ್ಟಿ ಕಡ್ಡಾಯ ಅಲ್ಲದಿದ್ದರೂ ಅದನ್ನು ಬುನಾದಿಯಾಗಿ ಇಟ್ಟುಕೊಂಡು ಮೇಲೆ ರಿಯಾಯಿತಿ ಕೊಡುವ ರೂಢಿ ಉಳಿದುಕೊಂಡಿದೆ. ಆ ಪಟ್ಟಿಯಲ್ಲಿ ದೇಶವನ್ನು ಎರಡು ವಲಯ ಮಾಡಿದ್ದರು. ಬೆಂಗಳೂರು, ಮುಂಬೈ, ದೆಹಲಿ ಮುಂತಾದ ಎಂಟು ನಗರ ಎ ವಲಯ, ಉಳಿದ ಇಡೀ ದೇಶ ಬಿ ವಲಯ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ಕಡೆಯ ಗಾಡಿಗಳಿಗೆ ಒಂದೇ ಕೆಎ 16 ನಂಬರು, ಹಾಗಾಗಿ ಎಲ್ಲ ಬಿ ವಲಯವೇ. ಐದು ವರ್ಷದೊಳಗಿನ, 1000ದಿಂದ 1500 ಸಿಸಿ ನಡುವಿನ ಕಾರಿಗೆ ಬಿ ವಲಯದ ದರ ಶೇ. 3.191. 4.8 ಲಕ್ಷಕ್ಕೆ 15,317. ಹಳೇ ಕಂಪನಿ ಅದರ ಮೇಲೆ ಶೇ. 60 ರಿಯಾಯಿತಿ ಕೊಟ್ಟು 6,127 ಮಾಡಿದೆ. ಹೊಸ ಕಂಪನಿ ಶೇ. 65 ಕೊಟ್ಟಿದೆ. ಅಷ್ಟೇ ವ್ಯತ್ಯಾಸ.

ಬೆಂಗಳೂರು ನಂಬರಿನ ಸೆಕೆಂಡ್ ಹ್ಯಾಂಡ್ ಕಾರು ತಂದು ಹೊಸದುರ್ಗದಲ್ಲಿ ಓಡಿಸುವವರು ಒಂದು ತಿಳಿದುಕೊಳ್ಳಿ. ವಲಯ ನಿರ್ಧಾರ ಆಗುವುದು ಗಾಡಿ ಎಲ್ಲಿ ರಿಜಿಸ್ಟರ್ ಆಗಿದೆ ಅನ್ನೋದರ ಮೇಲೆ. ಅದಕ್ಕೆ ಶೇ. 3.283 ಬೀಳುತ್ತದೆ. ಇದೇ ಐಡಿವಿಗೆ, ಇದೇ ರಿಯಾಯಿತಿ ಕಳೆದ ಮೇಲೆ ವ್ಯತ್ಯಾಸ ಇನ್ನೂರು ರೂಪಾಯಿ ಒಳಗೇ. "ಬೆಂಗಳೂರು ಗಾಡಿ ಅಲ್ವಾ ಸಾರ್, ಅದಕ್ಕೇ ಎರಡು ಸಾವಿರ ಜಾಸ್ತಿ" ಅಂದರೆ ನಂಬಬೇಡಿ.

ನೋ ಕ್ಲೇಮ್ ಬೋನಸ್: ಅಪಾಯ ಇದ್ದ ಸಾಲು

ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದ ಓನ್ ಡ್ಯಾಮೇಜ್‌ನಲ್ಲಿ ಶೇ. 20 ಕಡಿತ. ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ಮುಗಿಯಿತು. ನಡುವೆ ಒಂದು ಕ್ಲೇಮ್ ಮಾಡಿದರೂ ಸೊನ್ನೆಗೆ ಬಂದು ಮತ್ತೆ ಮೊದಲಿಂದ ಶುರು. ಈ ಬೋನಸ್ ಕಾರಿನದಲ್ಲ, ಮಾಲೀಕನದು. ಕಾರು ಮಾರಿದರೆ ನಿಮ್ಮ ಜೊತೆ ಬರುತ್ತದೆ, ಕೊಂಡವನಿಗೆ ಹೋಗುವುದಿಲ್ಲ. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ ಅದೂ ಹೋಗುತ್ತದೆ.

ಚಿಕ್ಕಪ್ಪನ ಹಳೇ ಪಾಲಿಸಿಯಲ್ಲಿ ಶೇ. 35 ಇತ್ತು. ಏಜೆಂಟ್ ಅದರ ಫೋಟೋ ನೋಡಿ ಮುಂದಿನ ಮೆಟ್ಟಿಲು 45 ಹಾಕಿಬಿಟ್ಟಿದ್ದರು. ಆದರೆ ಹಳೇ ಕಂಪನಿ ಯಾಕೆ ಸೊನ್ನೆ ಹಾಕಿತ್ತು?

"ಚಿಕ್ಕಪ್ಪಾ, ಈ ವರ್ಷ ಏನಾದ್ರೂ ಕ್ಲೇಮ್ ಮಾಡಿದ್ರಾ?"

"ಕ್ಲೇಮ್ ಅಂತ ಏನಿಲ್ಲಪ್ಪ. ಫೆಬ್ರವರೀಲಿ ದುರ್ಗದ ರೋಡಲ್ಲಿ ಟಿಪ್ಪರ್ ಟೈರಿಂದ ಕಲ್ಲು ಸಿಡಿದು ಮುಂದಿನ ಗ್ಲಾಸು ಹೋಯ್ತು. ಅದನ್ನ ಇನ್ಶೂರೆನ್ಸಲ್ಲಿ ಹಾಕಿಸ್ದೆ."

ಅದೇ ಕ್ಲೇಮ್. ಗ್ಲಾಸಿನ ಬಿಲ್ 7,000, ಕಡ್ಡಾಯ ಕಡಿತ 1,000 ಹೋಗಿ 6,000 ಕಂಪನಿ ಕೊಟ್ಟಿದೆ. ಬೋನಸ್ ಸೊನ್ನೆ ಆಗಲೇಬೇಕು.

ಏಜೆಂಟ್‌ಗೆ ಫೋನ್ ಮಾಡಿ ಹೇಳಿದಾಗ ಬಂದ ಉತ್ತರ, "ಪರವಾಗಿಲ್ಲ ಸಾರ್, ಎಲ್ರೂ ಹಾಗೇ ಹಾಕ್ಸೋದು. ಯಾರೂ ನೋಡಲ್ಲ."

ನೋಡುತ್ತಾರೆ. ಪ್ರೀಮಿಯಂ ತೆಗೆದುಕೊಳ್ಳುವಾಗ ಅಲ್ಲ, ಕ್ಲೇಮ್ ಬಂದಾಗ. ಬೋನಸ್ ಪಡೆಯುವಾಗ "ಹಿಂದಿನ ಪಾಲಿಸಿಯಲ್ಲಿ ಕ್ಲೇಮ್ ಮಾಡಿಲ್ಲ" ಎಂಬ ಘೋಷಣೆ ನಿಮ್ಮ ಹೆಸರಲ್ಲಿ ಹೋಗುತ್ತದೆ. ಅದು ಸುಳ್ಳು ಎಂದು ಕಂಡುಬಂದರೆ ಪಾಲಿಸಿಯ ಓನ್ ಡ್ಯಾಮೇಜ್ ಭಾಗದ ಸವಲತ್ತೆಲ್ಲ ರದ್ದಾಗುತ್ತದೆ ಎಂದು ಆ ಘೋಷಣೆಯಲ್ಲೇ ಬರೆದಿರುತ್ತದೆ. ಹೊಸ ಕಂಪನಿ ಹಳೇ ಕಂಪನಿಗೆ ಬರೆದು ಬೋನಸ್ ಖಚಿತ ಮಾಡಿಕೊಳ್ಳಬೇಕು ಅಂತ ನಿಯಮ ಇದೆ. ಆದರೆ ಅದು ತಡವಾದರೆ ಅಥವಾ ನಡೆಯದೇ ಹೋದರೆ ನಿಮ್ಮ ತಲೆಮೇಲೆ ಕತ್ತಿ ತೂಗುತ್ತಲೇ ಇರುತ್ತದೆ. ಆಮೇಲೆ ಗ್ರಾಹಕರ ಆಯೋಗ, ವಿಮಾ ಒಂಬುಡ್ಸ್‌ಮನ್ ಎಂದು ಓಡಾಡುವುದು ನಿಮ್ಮ ಪಾಲಿಗೆ. ಏಜೆಂಟ್ ಫೋನ್ ಎತ್ತುವುದಿಲ್ಲ.

ಇದರಿಂದ ಉಳಿಯುತ್ತಿದ್ದದ್ದು ಜಿಎಸ್‌ಟಿ ಸೇರಿ 2,313 ರೂಪಾಯಿ. ಅಡವಿಟ್ಟದ್ದು ಇಡೀ ಕಾರು. ನಿಮ್ಮ ಪಾಲಿಸಿಯಲ್ಲಿ ಈಗಾಗಲೇ ಹೀಗೆ ಆಗಿದ್ದರೆ, ಅಪಘಾತ ಆಗುವ ಮೊದಲೇ ಕಂಪನಿಗೆ ಬರೆದು ವ್ಯತ್ಯಾಸದ ಹಣ ಕಟ್ಟಿ ತಿದ್ದುಪಡಿ ಮಾಡಿಸಿ. ಅದಕ್ಕೆ ಎಂಡಾರ್ಸ್‌ಮೆಂಟ್ ಅನ್ನುತ್ತಾರೆ.

ಇನ್ನೊಂದು ವಿಷಯ ಈ ಗ್ಲಾಸಿನಿಂದಲೇ ಗೊತ್ತಾಯಿತು. ಆ ಕ್ಲೇಮ್ ಮಾಡಿದ್ದು ಲಾಭವೋ ನಷ್ಟವೋ? ಮಾಡದಿದ್ದರೆ ಮುಂದಿನ ವರ್ಷಗಳಲ್ಲಿ ಬೋನಸ್ 45, 50, 50, 50, 50 ಆಗುತ್ತಿತ್ತು. ಮಾಡಿದ್ದಕ್ಕೆ 0, 20, 25, 35, 45. ವ್ಯತ್ಯಾಸ ಕೂಡಿಸಿದರೆ 120. ಅಂದರೆ ಒಂದು ಪೂರ್ತಿ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ, ಮೇಲೆ ಇನ್ನೂ ಶೇ. 20, ಐದು ವರ್ಷದಲ್ಲಿ ಕೈಬಿಟ್ಟ ಹಾಗೆ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದನ್ನು ಲೆಕ್ಕಕ್ಕೆ ಹಿಡಿದರೂ ಜಿಎಸ್‌ಟಿ ಸೇರಿ ಏಳು ಸಾವಿರದ ಆಸುಪಾಸು. ಆರು ಸಾವಿರ ಪಡೆಯಲು ಏಳು ಸಾವಿರ ಕಳೆದುಕೊಂಡಂತಾಯಿತು. ಗ್ಲಾಸನ್ನು ಕೈಯಿಂದಲೇ ಹಾಕಿಸಿದ್ದರೆ ಚೆನ್ನಾಗಿತ್ತು. ಬೋನಸ್ 35, 45ರ ಹತ್ತಿರ ಇದ್ದಾಗ ಸಣ್ಣ ಬಿಲ್ ಬಂದರೆ ಮೊದಲು ಈ ಲೆಕ್ಕ ಹಾಕಿ, ಆಮೇಲೆ ಕ್ಲೇಮ್ ಫಾರಂ ತುಂಬಿ.

ಆಡ್-ಆನ್: ಇನ್ನೊಂದು ಸವಕಳಿ

ಸವಕಳಿ ಎರಡು ಸಲ ಬರುತ್ತದೆ, ಇದರಲ್ಲೇ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಐಡಿವಿ ಲೆಕ್ಕದಲ್ಲಿ ಬರುವುದು ಇಡೀ ಕಾರಿನ ಸವಕಳಿ. ರಿಪೇರಿ ಕ್ಲೇಮ್‌ನಲ್ಲಿ ಬರುವುದು ಬಿಡಿಭಾಗಗಳ ಸವಕಳಿ. ಅದಕ್ಕೆ ಬೇರೆಯೇ ಪಟ್ಟಿ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಕಾರಿನ ವಯಸ್ಸು ಎಷ್ಟೇ ಇರಲಿ ಶೇ. 50. ಫೈಬರ್‌ಗೆ 30. ಗಾಜಿಗೆ ಇಲ್ಲ. ತಗಡಿನ ಭಾಗಗಳಿಗೆ ವಯಸ್ಸಿನ ಮೇಲೆ. ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ. 25.

ಹೊಸದುರ್ಗದ ಕಡೆಯಿಂದ ಬರುವಾಗ ಕತ್ತಲಲ್ಲಿ ಎಮ್ಮೆ ಅಡ್ಡ ಬಂದು ಕಾರಿನ ಮುಂಭಾಗ ಹೋಯಿತು ಅಂದುಕೊಳ್ಳಿ. ಬಾನೆಟ್, ಫೆಂಡರ್ ತಗಡು 16,000. ಬಂಪರ್, ಹೆಡ್‌ಲೈಟ್ ಮುಂತಾದ ಪ್ಲಾಸ್ಟಿಕ್ 14,000. ಪೇಂಟಿಂಗ್ 12,000. ಕೂಲಿ 8,000. ಒಟ್ಟು 50,000. ಸರ್ವೇಯರ್ ತಗಡಿಗೆ 4,000 ಕಳೆಯುತ್ತಾರೆ, ಪ್ಲಾಸ್ಟಿಕ್‌ಗೆ 7,000. ಪೇಂಟಿಂಗ್ ಒಟ್ಟು ಬಿಲ್ ಆಗಿದ್ದರೆ ಅದರ ಶೇ. 25ನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. 12,000ದಲ್ಲಿ ಸಾಮಗ್ರಿ 3,000, ಕಡಿತ 1,500. ಕೂಲಿಗೆ ಸವಕಳಿ ಇಲ್ಲ. ಒಟ್ಟು 12,500, ಮೇಲೆ ಕಡ್ಡಾಯ ಕಡಿತ 1,000. ಸಾದಾ ಪಾಲಿಸಿ ಇದ್ದರೆ ಕೈಯಿಂದ ಬೀಳುವುದು 13,500. ಜೀರೋ ಡೆಪ್ ಇದ್ದರೆ 1,000.

ಜೀರೋ ಡೆಪ್ ಮಾಡುವುದು ಇಷ್ಟೇ, ಬಿಡಿಭಾಗದ ಸವಕಳಿಯನ್ನು ಕಂಪನಿ ತಾನೇ ಹೊರುತ್ತದೆ. ಕಳವಾದರೆ, ಟೋಟಲ್ ಲಾಸ್ ಆದರೆ ಅದರಿಂದ ಏನೂ ಹೆಚ್ಚು ಸಿಗುವುದಿಲ್ಲ, ಅಲ್ಲಿ ಐಡಿವಿಯೇ ಕೊನೆ. ಚಿಕ್ಕಪ್ಪನಿಗೆ ಇದರ ಖರ್ಚು ಜಿಎಸ್‌ಟಿ ಸೇರಿ 2,266. ಇಂಥ ಒಂದು ಡಿಕ್ಕಿ ಐದಾರು ವರ್ಷಕ್ಕೊಮ್ಮೆ ಆದರೆ ಸಮ ಸಮ. ಪಟ್ಟಣದೊಳಗೇ ಓಡಿಸುವ, ಗ್ಯಾರೇಜಿನಲ್ಲಿ ನಿಲ್ಲುವ ಕಾರಿಗೆ ಬೇಡ ಅಂದರೂ ನಡೆಯುತ್ತದೆ. ವಾರಕ್ಕೆರಡು ಸಲ ರಾತ್ರಿ ಹೈವೇ ಹಿಡಿಯುವ ಚಿಕ್ಕಪ್ಪನಿಗೆ ಬೇಕು ಅಂತ ನನ್ನ ಅಭಿಪ್ರಾಯ. ಆದರೆ ವರ್ಷಕ್ಕೆ ಎಷ್ಟು ಜೀರೋ ಡೆಪ್ ಕ್ಲೇಮ್ ಅಂತ ಮಿತಿ ಇರಬಹುದು, ಷೆಡ್ಯೂಲ್‌ನಲ್ಲಿ ನೋಡಿಕೊಳ್ಳಿ.

ಏಜೆಂಟ್ ಬಾಯಲ್ಲಿ "ಬಂಪರ್ ಟು ಬಂಪರ್ ಸಾರ್" ಅಂದಿದ್ದರಂತೆ. ಕೋಟ್‌ನಲ್ಲಿ ಆ ಸಾಲೇ ಇರಲಿಲ್ಲ. ಆಡ್-ಆನ್‌ಗೆ ಹೆಸರೂ ಅದರ ಮುಂದೆ ಮೊತ್ತವೂ ಇರಬೇಕು. ಕಾಗದದಲ್ಲಿ ಇಲ್ಲದ್ದು ಪಾಲಿಸಿಯಲ್ಲೂ ಇಲ್ಲ.

ಇಂಜಿನ್ ಪ್ರೊಟೆಕ್ಷನ್ ಬಗ್ಗೆ ಚಿಕ್ಕಪ್ಪನಿಗೆ ಅನುಮಾನ ಇತ್ತು. "ನಮ್ಮ ಬರಗಾಲದ ಸೀಮೆಗೆ ನೀರಿನ ಇನ್ಶೂರೆನ್ಸ್ ಯಾಕೋ?" ನ್ಯಾಯವಾದ ಪ್ರಶ್ನೆ. ಆದರೆ ಅದೇ ಸೀಮೆಯಲ್ಲಿ 1933ರ ನಂತರ ಮೊದಲ ಸಲ 2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿತ್ತು. ನೀರು ನಿಂತ ಅಂಡರ್‌ಪಾಸ್‌ಗೆ ಕಾರು ಇಳಿಸಲು ಪ್ರವಾಹವೇ ಬೇಕಿಲ್ಲ, ಒಂದು ಜೋರು ಮಳೆ ಸಾಕು. ಸಾದಾ ಪಾಲಿಸಿ ಪ್ರವಾಹದ ಹಾನಿಯನ್ನು ಕೊಡುತ್ತದೆ. ಆದರೆ ನೀರಲ್ಲಿ ನಿಂತ ಇಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿ, ಒಳಗೆ ನೀರು ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಗ್ಗಿದರೆ ಅದು ನಿಮ್ಮ ಕೈಯಾರೆ ಆದ ನಷ್ಟ ಅಂತ ಕಂಪನಿ ತಳ್ಳಿಹಾಕುತ್ತದೆ. ಈ ಆಡ್-ಆನ್ ಇರುವುದು ಅದಕ್ಕೆ. 850 ರೂಪಾಯಿ ಕಟ್ಟುವುದು ಬಿಡುವುದು ನಿಮ್ಮ ಇಷ್ಟ. ಕಟ್ಟದಿದ್ದರೆ ಒಂದು ಮಾತು ನೆನಪಿಡಿ: ನೀರಲ್ಲಿ ಇಂಜಿನ್ ನಿಂತರೆ ಕೀ ಮುಟ್ಟಬೇಡಿ, ಟೋ ಮಾಡಿಸಿ.

ಈಗ ಎರಡನ್ನೂ ಸಮ ಮಾಡಿ

ಹೋಲಿಕೆ ಮಾಡಬೇಕಾದದ್ದು ಎರಡು ಕೋಟ್‌ಗಳನ್ನಲ್ಲ. ಒಂದೇ ರಕ್ಷಣೆಗೆ ಎರಡು ಕಂಪನಿ ಕೇಳುವ ಬೆಲೆಯನ್ನು. ಹೊಸ ಕಂಪನಿಯ ರಿಯಾಯಿತಿ ಹಾಗೇ ಇಟ್ಟು ಉಳಿದದ್ದನ್ನು ಸರಿ ಮಾಡಿದೆ. ಐಡಿವಿ 4,80,000, ಆಗ ಓನ್ ಡ್ಯಾಮೇಜ್ 5,361. ಬೋನಸ್ ಸೊನ್ನೆ. ಎರಡೂ ಆಡ್-ಆನ್ ಹಳೇ ಕಂಪನಿಯ ಬೆಲೆಗೇ, 2,640. ಒಟ್ಟು 8,001. ಅದಕ್ಕೆ 3,766 ಸೇರಿ 11,767. ಜಿಎಸ್‌ಟಿ 2,118. ಕೊನೆಗೆ 13,885.

ಹಳೇ ಕಂಪನಿಯ 14,789ರಿಂದ ಇದನ್ನು ಕಳೆದರೆ 904. ಅಷ್ಟೇ ಉಳಿತಾಯ. ಉಳಿದ 6,614ರಲ್ಲಿ 2,313 ಸುಳ್ಳು ಬೋನಸ್, 1,186 ಕುಗ್ಗಿಸಿದ ಐಡಿವಿ, 3,115 ಕೈಬಿಟ್ಟ ಆಡ್-ಆನ್.

ಕೋಟ್ ತೀರಾ ಕಡಿಮೆ ಬಂದಾಗ ನೋಡಬೇಕಾದ ಇನ್ನೊಂದು ಸಾಲು ಇದೆ, ವಾಲಂಟರಿ ಡಿಡಕ್ಟಿಬಲ್. ಕ್ಲೇಮ್ ಬಂದರೆ ಕಡ್ಡಾಯ ಕಡಿತದ ಮೇಲೆ ಇನ್ನಿಷ್ಟು ನಾನೇ ಹಾಕುತ್ತೇನೆ ಎಂದು ನೀವು ಒಪ್ಪಿ ಪ್ರೀಮಿಯಂ ಇಳಿಸಿಕೊಳ್ಳುವುದು. ಚಿಕ್ಕಪ್ಪನದರಲ್ಲಿ ಅದು ಇರಲಿಲ್ಲ. ನಿಮ್ಮದರಲ್ಲಿ ನೀವು ಕೇಳದೆ ಇದ್ದರೆ ತೆಗೆಸಿ.

ಏಜೆಂಟ್‌ಗಳೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಗಿರಾಕಿ ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡುತ್ತಾನೆ ಅಂತ ಗೊತ್ತಿರುವಾಗ, ಆ ಸಾಲನ್ನು ಇಳಿಸುವುದೇ ಮಾರಾಟ ಆಗಿಬಿಡುತ್ತದೆ. ಕಳೆದ ವರ್ಷದ ಐಡಿವಿ, ಬೋನಸ್, ಆಡ್-ಆನ್‌ಗಳನ್ನು ಈ ವರ್ಷದ ಪಕ್ಕದಲ್ಲೇ ಮುದ್ರಿಸಬೇಕು ಅಂತ ಒಂದು ನಿಯಮ ಬಂದರೆ ಈ ಆಟ ಅರ್ಧ ನಿಲ್ಲುತ್ತದೆ. ಕಂಪನಿಗಳ ಹತ್ತಿರ ಆ ಮಾಹಿತಿ ಇದೆ, ಗಿರಾಕಿಯ ಹತ್ತಿರ ಹಳೇ ಪಾಲಿಸಿ ಇದೆ. ಎರಡೂ ಒಂದೇ ಹಾಳೆಗೆ ಬರುತ್ತಿಲ್ಲ ಅಷ್ಟೆ. ಅದು ಬರುವ ತನಕ ಹಳೇ ಪಾಲಿಸಿ ಹುಡುಕಿ ಪಕ್ಕದಲ್ಲಿಟ್ಟುಕೊಳ್ಳುವ ಕೆಲಸ ನಮ್ಮದೇ.

ಚಿಕ್ಕಪ್ಪ ಕೊನೆಗೆ ಏಜೆಂಟ್‌ಗೆ ತಾವೇ ಫೋನ್ ಮಾಡಿದರು. ಐಡಿವಿ ಇಷ್ಟಿರಲಿ, ಬೋನಸ್ ತೆಗೆಯಿರಿ, ಜೀರೋ ಡೆಪ್, ಇಂಜಿನ್ ಎರಡೂ ಹಾಕಿ ಅಂದರು. ತಿದ್ದಿದ ಕೋಟ್ 13,885ಕ್ಕೇ ಬಂತು, ಅದನ್ನೇ ತಗೊಂಡರು. ಆಮೇಲೆ ನನಗೆ ಫೋನ್ ಮಾಡಿ ಒಂದೇ ಮಾತು ಕೇಳಿದರು.

"ಮುಂದಿನ ಸಲ ಗ್ಲಾಸ್ ಹೋದ್ರೆ ಮೊದ್ಲು ನಿಂಗೆ ಫೋನ್ ಮಾಡ್ಬೇಕಾ?"

ಬೇಡ ಅಂದೆ. ಬೋನಸ್ ಎಷ್ಟಿದೆ ನೋಡಿ, ಬಿಲ್ ಎಷ್ಟಾಗುತ್ತೆ ಕೇಳಿ, ಲೆಕ್ಕ ನೀವೇ ಹಾಕಬಹುದು.